ಮೈಕು ಕೈಬದಲಾದ ಬೆಳಗ್ಗೆ

1980ರ ಜುಲೈ 18. ಆಂಧ್ರಪ್ರದೇಶದ ಕರಾವಳಿಯ ಶ್ರೀಹರಿಕೋಟಾದಲ್ಲಿ ಬೆಳಿಗ್ಗೆ ಎಂಟು ಗಂಟೆ ಮೂರು ನಿಮಿಷಕ್ಕೆ ಎಸ್‌ಎಲ್‌ವಿ-3 ಎಂಬ ರಾಕೆಟ್ ನೆಲ ಬಿಟ್ಟಿತು. ಇಪ್ಪತ್ತೆರಡು ಮೀಟರ್ ಎತ್ತರ, ಹದಿನೇಳು ಟನ್ ತೂಕ. ಇಂದಿನ ರಾಕೆಟ್‌ಗಳ ಪಕ್ಕದಲ್ಲಿ ನಿಲ್ಲಿಸಿದರೆ ಮಗುವಿನಂತೆ ಕಾಣುವ ಈ ವಾಹನದ ತುದಿಯಲ್ಲಿ ಮೂವತ್ತೈದು ಕಿಲೋ ತೂಕದ ರೋಹಿಣಿ ಉಪಗ್ರಹ ಕೂತಿತ್ತು. ಸುಮಾರು ಹತ್ತು ನಿಮಿಷ ಕಳೆಯುವ ಹೊತ್ತಿಗೆ ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ದನಿ ಧ್ವನಿವರ್ಧಕದಲ್ಲಿ ಕೇಳಿಬಂತು. ನಾಲ್ಕೂ ಹಂತಗಳು ಎಣಿಸಿದಂತೆಯೇ ಕೆಲಸ ಮಾಡಿವೆ, ರೋಹಿಣಿಯನ್ನು ಕಕ್ಷೆಗೆ ಸೇರಿಸಲು ಬೇಕಾದಷ್ಟು ವೇಗ ದೊರಕಿದೆ ಎಂದು ಅವರು ಎಲ್ಲ ಕೇಂದ್ರಗಳಿಗೂ ತಿಳಿಸಿದರು. ಕೊಠಡಿಯಿಂದ ಹೊರಬಂದ ಅವರನ್ನು ಸಹೋದ್ಯೋಗಿಗಳು ಹೆಗಲ ಮೇಲೆ ಹೊತ್ತು ಮೆರೆಸಿದರು.

ನಮ್ಮ ನೆಲದಿಂದ, ನಮ್ಮದೇ ರಾಕೆಟ್‌ನಲ್ಲಿ, ನಮ್ಮ ಉಪಗ್ರಹ ಕಕ್ಷೆಗೆ ಸೇರಿದ್ದು ಅದೇ ಮೊದಲು. ಸುದ್ದಿಗಾರರು ಕಾದಿದ್ದರು. ಅವರೆದುರು ಕೂರಬೇಕಾದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಸ್ರೋ ಅಧ್ಯಕ್ಷ ಪ್ರೊ. ಸತೀಶ್ ಧವನ್ ಅಲ್ಲೇ ಇದ್ದರು. ಹಿಂದಿನ ವರ್ಷ ಇದೇ ಶ್ರೀಹರಿಕೋಟಾದಲ್ಲಿ ಪತ್ರಿಕಾಗೋಷ್ಠಿ ನಡೆಸಿದ್ದವರೂ ಅವರೇ. ಆದರೆ ಈ ಬಾರಿ ಅವರು ಕಲಾಂ ಅವರನ್ನು ಪಕ್ಕಕ್ಕೆ ಕರೆದು, ಇವತ್ತಿನ ಗೋಷ್ಠಿಯನ್ನು ನೀವೇ ನಡೆಸಿ ಎಂದರು.

ಇದನ್ನು ನಮಗೆ ಹೇಳಿದವರು ಕಲಾಂ ಅವರೇ. ಮುಂದೆ ರಾಷ್ಟ್ರಪತಿಯಾಗಿ, ಆಮೇಲೆ ಊರೂರು ಸುತ್ತುವ ಮೇಷ್ಟ್ರಾಗಿ, ಅವರು ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದರು. ಕೇಳಿದವರು ಚಪ್ಪಾಳೆ ತಟ್ಟಿದರು, ದೊಡ್ಡ ಮನಸ್ಸಿನ ಒಂದು ಉದಾಹರಣೆಯೆಂದು ನೆನಪಿಟ್ಟುಕೊಂಡರು. ದೊಡ್ಡ ಮನಸ್ಸು ಅದರಲ್ಲಿ ಇದ್ದೇ ಇದೆ. ಆದರೆ ಅಂದು ಮೈಕು ಕೈಬದಲಾದದ್ದರ ನಿಜವಾದ ಬೆಲೆ ತಿಳಿಯಬೇಕಾದರೆ ಹನ್ನೊಂದು ತಿಂಗಳು ಹಿಂದಕ್ಕೆ ಹೋಗಬೇಕು. ಆಗ ಏನು ಸೋತಿತ್ತು, ಏಕೆ ಸೋತಿತ್ತು, ಆ ಸೋಲಿನ ಮಾತು ಎಲ್ಲೆಲ್ಲಿ ಹೇಗೆ ನಡೆಯಿತು ಎಂಬುದನ್ನು ನೋಡಬೇಕು.

ಒಂದು ಯೋಜನೆ, ಒಬ್ಬ ಹೊಣೆಗಾರ

ಉಪಗ್ರಹ ಕಟ್ಟುವುದನ್ನು ನಾವು ಅದಾಗಲೇ ಕಲಿತಿದ್ದೆವು. ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಬಾಹ್ಯಾಕಾಶ ಸೇರಿತ್ತು. ಆದರೆ ಅದನ್ನು ಹೊತ್ತೊಯ್ದದ್ದು ಸೋವಿಯತ್ ರಾಕೆಟ್. ಸ್ವಂತ ವಾಹನವಿಲ್ಲದೆ ಎಷ್ಟು ಉಪಗ್ರಹ ಕಟ್ಟಿದರೂ ಪರರ ಬಾಗಿಲಲ್ಲಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಆ ವಾಹನ ಕಟ್ಟುವ ಕೆಲಸ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪಾಲಿಗೆ ಬಂದಿತ್ತು.

ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರ್ 30ರಂದು ಹಠಾತ್ತನೆ ತೀರಿಕೊಂಡ ಮೇಲೆ ಬಾಹ್ಯಾಕಾಶದ ಕೆಲಸ ವಹಿಸಿಕೊಳ್ಳುವಂತೆ ಪ್ರಧಾನಿ ಇಂದಿರಾ ಗಾಂಧಿ ಕೇಳಿದ್ದು ಸತೀಶ್ ಧವನ್ ಅವರನ್ನು. ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ನಿರ್ದೇಶಕರು. ಎರಡು ಷರತ್ತು ಹಾಕಿ ಒಪ್ಪಿಕೊಂಡರು. ತಾನು ಇನ್‌ಸ್ಟಿಟ್ಯೂಟನ್ನು ಬಿಡುವುದಿಲ್ಲ, ಬಾಹ್ಯಾಕಾಶ ಕಾರ್ಯಕ್ರಮದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡೂ ನಡೆದವು. 1972ರಿಂದ 1984ರವರೆಗೆ ಅವರು ಇಸ್ರೋ ನಡೆಸಿದರು.

ಧವನ್ ಪಾಲಿಸಿದ ಒಂದು ಕ್ರಮ ನಮ್ಮ ಕಥೆಗೆ ಮುಖ್ಯವಾದುದು. ಪ್ರತಿ ದೊಡ್ಡ ಕೆಲಸಕ್ಕೂ ಒಬ್ಬ ಯೋಜನಾ ನಿರ್ದೇಶಕ. ಕೆಲಸ ಹಲವು ಕೇಂದ್ರಗಳಲ್ಲಿ, ಹಲವು ಕಾರ್ಖಾನೆಗಳಲ್ಲಿ ನಡೆದರೂ ಅದನ್ನು ಮುಗಿಸುವ ಹೊಣೆ ಆ ಒಬ್ಬರದು. ಆರ್ಯಭಟಕ್ಕೆ ರಾವ್ ಇದ್ದಂತೆ ಎಸ್‌ಎಲ್‌ವಿ-3ಕ್ಕೆ ಕಲಾಂ. ಹೊಣೆ ಯಾರದೆಂದು ಮೊದಲೇ ಗೊತ್ತಿದ್ದರೆ ಕೊನೆಗೆ ಶ್ರೇಯ ಯಾರದೆಂದು ಹುಡುಕಬೇಕಾಗುವುದಿಲ್ಲ. ಹೆಚ್ಚಿನ ಕಚೇರಿಗಳಲ್ಲಿ ಶ್ರೇಯದ ಜಗಳ ಹುಟ್ಟುವುದೇ ಇಲ್ಲಿ. ಕೆಲಸ ನಡೆಯುವಾಗ ಹೊಣೆ ಯಾರದೆಂದು ಯಾರೂ ಬರೆದಿಟ್ಟಿರುವುದಿಲ್ಲ. ಗೆದ್ದ ಮೇಲೆ ಎಲ್ಲರೂ ಮುಂದೆ ಬರುತ್ತಾರೆ, ಸೋತರೆ ಯಾರೂ ಕಾಣುವುದಿಲ್ಲ.

ಕೆಲಸದ ಹರಹು ಎಷ್ಟಿತ್ತೆಂಬುದನ್ನು ಕಲಾಂ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ನಲವತ್ತನಾಲ್ಕು ಮುಖ್ಯ ವ್ಯವಸ್ಥೆಗಳು, ಇನ್ನೂರೈವತ್ತಕ್ಕೂ ಹೆಚ್ಚು ಉಪಜೋಡಣೆಗಳು, ಬಿಡಿಭಾಗಗಳ ಲೆಕ್ಕ ಹತ್ತು ಲಕ್ಷ ದಾಟುತ್ತಿತ್ತು. ಒಂದು ಸಣ್ಣ ಬಿರಡೆ ಕೈಕೊಟ್ಟರೂ ವರ್ಷಗಳ ದುಡಿಮೆ ಸಮುದ್ರದ ಪಾಲಾಗಬಹುದಿತ್ತು. ಕೊನೆಗೆ ಆದದ್ದೂ ಹಾಗೆಯೇ.

ಆಮ್ಲದ ತೊಟ್ಟಿ

ಎಸ್‌ಎಲ್‌ವಿ-3 ನಾಲ್ಕು ಹಂತಗಳ ರಾಕೆಟ್. ನಾಲ್ಕರಲ್ಲೂ ಮುಖ್ಯ ಇಂಧನ ಘನರೂಪದ್ದು. ಘನ ಇಂಧನಕ್ಕೆ ಒಮ್ಮೆ ಬೆಂಕಿ ತಗುಲಿದರೆ ಮುಗಿಯುವವರೆಗೂ ಉರಿಯುತ್ತದೆ. ನಡುವೆ ನಿಲ್ಲಿಸುವಂತಿಲ್ಲ, ಕಡಿಮೆ ಮಾಡುವಂತಿಲ್ಲ. ಹೀಗಾಗಿ ರಾಕೆಟ್ ಮೇಲೇರುವಾಗ ದಿಕ್ಕು ತಪ್ಪದಂತೆ ಹಿಡಿದಿಡಲು ಬೇರೆಯೇ ಏರ್ಪಾಡು ಬೇಕು. ಎರಡನೇ ಹಂತದಲ್ಲಿ ಅದಕ್ಕಾಗಿ ಚಿಕ್ಕ ಚಿಕ್ಕ ನೂಕುಯಂತ್ರಗಳಿದ್ದವು. ಒಂದು ತೊಟ್ಟಿಯಲ್ಲಿ ದ್ರವ ಇಂಧನ, ಇನ್ನೊಂದರಲ್ಲಿ ಅದನ್ನು ಉರಿಸುವ ಹೊಗೆಯಾಡುವ ಕೆಂಪು ನೈಟ್ರಿಕ್ ಆಮ್ಲ. ಎರಡೂ ಕೂಡಿದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತವೆ. ರಾಕೆಟ್ ಎಡಕ್ಕೆ ವಾಲಿದರೆ ಒಂದು ಬದಿಯ ಯಂತ್ರ ಉರಿದು ನೂಕುತ್ತದೆ, ಬಲಕ್ಕೆ ವಾಲಿದರೆ ಇನ್ನೊಂದು ಬದಿಯದು. ಎರಡರಲ್ಲಿ ಒಂದು ದ್ರವ ಇಲ್ಲವಾದರೆ ಬೆಂಕಿಯಿಲ್ಲ, ಬೆಂಕಿಯಿಲ್ಲದಿದ್ದರೆ ನೂಕುವ ಬಲವಿಲ್ಲ.

ಈ ಆಮ್ಲ ಎಂಥದ್ದೆಂದು ತಂಡಕ್ಕೆ ಮೈಸುಟ್ಟು ಗೊತ್ತಿತ್ತು. ಉಡಾವಣೆಯ ವರ್ಷವಾದ 1979ರಲ್ಲಿಯೇ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯನ್ನು ನೆಲದ ಮೇಲೆ ಪರೀಕ್ಷಿಸುವಾಗ ಹನ್ನೆರಡು ವಾಲ್ವ್‌ಗಳಲ್ಲಿ ಒಂದು ಸ್ಪಂದಿಸಲಿಲ್ಲ. ಏನಾಗಿದೆಯೆಂದು ನೋಡಲು ಆರು ಮಂದಿ ಹತ್ತಿರ ಹೋದರು. ಆಮ್ಲ ತುಂಬಿದ ತೊಟ್ಟಿ ಒಡೆದು ಅವರ ಮೈಮೇಲೆ ಚಿಮ್ಮಿತು. ಕಲಾಂ ಮತ್ತು ಹಿರಿಯ ಸಹೋದ್ಯೋಗಿ ಕುರೂಪ್ ಅವರನ್ನು ಆಸ್ಪತ್ರೆಗೆ ಸೇರಿಸಲು ಓಡಾಡಿದರು. ಅವರಲ್ಲೊಬ್ಬರ ಹಾಸಿಗೆಯ ಪಕ್ಕ ಕಲಾಂ ರಾತ್ರಿಯಿಡೀ ಕೂತಿದ್ದರು. ನಸುಕಿಗೆ ಎಚ್ಚರವಾದಾಗ ಆ ಮನುಷ್ಯ ನೋವಿನ ಮಾತಾಡಲಿಲ್ಲ. ಅವಘಡವಾಯಿತಲ್ಲ ಎಂದು ಕ್ಷಮೆ ಕೇಳಿ, ಕೆಲಸ ಹಿಂದೆ ಬೀಳದಂತೆ ನೋಡಿಕೊಳ್ಳುತ್ತೇನೆ ಎಂದರು. ಕಲಾಂ ಇದನ್ನು ಮರೆಯದೆ ಬರೆದಿದ್ದಾರೆ. ಶ್ರೇಯ ಎಂಬ ಮಾತು ಬಂದಾಗ ಯಾರ ಮುಖ ಕಣ್ಣೆದುರು ಬರಬೇಕೆಂದು ಅವರಿಗೆ ತಿಳಿದಿತ್ತು.

1979ರ ಆಗಸ್ಟ್ 10

ಮೊದಲ ಉಡಾವಣೆಯ ದಿನ ಕ್ಷಣಗಣನೆ ಕೊನೆಯ ಘಟ್ಟಕ್ಕೆ ಬಂದಿತ್ತು. ಹೊರಡಲು ಎಂಟು ನಿಮಿಷವಿರುವಾಗ ಎರಡನೇ ಹಂತದ ಆಮ್ಲದ ವ್ಯವಸ್ಥೆಯ ಸೊಲೆನಾಯ್ಡ್ ವಾಲ್ವ್‌ಗೆ ಮೊದಲ ಆದೇಶ ಹೋಯಿತು. ಸೊಲೆನಾಯ್ಡ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಬಿರಡೆ. ತೆರೆದದ್ದು ಮತ್ತೆ ಮುಚ್ಚಬೇಕಿತ್ತು. ಒಳಗೆ ಎಲ್ಲೋ ಕಸ ಸಿಕ್ಕಿಕೊಂಡಿತ್ತು, ಅದು ಪೂರ್ತಿ ಮುಚ್ಚಲಿಲ್ಲ. ಆಮ್ಲ ಸೋರತೊಡಗಿತು.

ಸೋರಿಕೆ ಯಾರಿಗೂ ಕಾಣದೆ ಹೋಗಲಿಲ್ಲ. ಕಲಾಂ ಮುಂದೆ ಹೇಳಿದಂತೆ, ಕೊನೆಯ ಕ್ಷಣಗಳಲ್ಲಿ ಕಂಪ್ಯೂಟರ್ ಉಡಾವಣೆಯನ್ನು ತಡೆಹಿಡಿಯಿತು. ಜೊತೆಗಿದ್ದ ತಜ್ಞರು ಅಂಕಿಗಳನ್ನು ನೋಡಿದರು. ಸೋರಿಕೆಯಿದೆ ನಿಜ, ಆದರೆ ಬೇಕಾದ್ದಕ್ಕಿಂತ ಹೆಚ್ಚು ತುಂಬಿದ್ದೇವೆ, ಸಾಲುತ್ತದೆ ಎಂಬುದು ಅವರ ಲೆಕ್ಕ. ನಿರ್ಧಾರ ಯೋಜನಾ ನಿರ್ದೇಶಕರದು. ಕಲಾಂ ಕಂಪ್ಯೂಟರಿನ ತಡೆಯನ್ನು ಬದಿಗಿಟ್ಟು ಮುಂದುವರಿಯಲು ಹೇಳಿದರು.

ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೆಯದು ಹೊತ್ತಿಕೊಂಡಿತು. ದಿಕ್ಕು ಸರಿಪಡಿಸಲು ಬಲ ಬೇಕೆಂದಾಗ ಇಂಧನ ಮಾತ್ರ ಚಿಮ್ಮಿತು, ಅದನ್ನು ಉರಿಸಲು ಆಮ್ಲವಿರಲಿಲ್ಲ. ವಾಹನ ಹಿಡಿತ ತಪ್ಪಿ ಎತ್ತರವನ್ನೂ ವೇಗವನ್ನೂ ಕಳೆದುಕೊಂಡಿತು. ಹೊರಟ 317 ಸೆಕೆಂಡಿಗೆ ಹಾರಾಟ ಮುಗಿಯಿತು. ಉಪಗ್ರಹ ಹೊತ್ತ ಕೊನೆಯ ಹಂತ ಶ್ರೀಹರಿಕೋಟಾದಿಂದ 560 ಕಿಲೋಮೀಟರ್ ದೂರ ಬಂಗಾಳ ಕೊಲ್ಲಿಗೆ ಬಿತ್ತು.

ಕಲಾಂ ಹಲವು ದಿನಗಳಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಕೋಣೆಗೆ ಹೋಗಿ ಮಲಗಿಬಿಟ್ಟರು. ಮಧ್ಯಾಹ್ನ ಕಳೆದ ಮೇಲೆ ಹಿರಿಯರಾದ ಡಾ. ಬ್ರಹ್ಮ ಪ್ರಕಾಶ್ ಬಂದು ಎಬ್ಬಿಸಿದರು. ಆಗಿದ್ದರ ಬಗ್ಗೆ ಒಂದು ಮಾತೂ ಕೇಳದೆ, ಬನ್ನಿ ಊಟ ಮಾಡೋಣ ಎಂದು ಕರೆದೊಯ್ದರು. ನಿಮ್ಮ ಜೊತೆಗಾರರೆಲ್ಲ ನಿಮ್ಮ ಜೊತೆಗೇ ಇದ್ದಾರೆ ಎಂದಷ್ಟೇ ಹೇಳಿದರು.

ಹೊರಗೆ ಒಂದು ಮಾತು, ಒಳಗೆ ಇನ್ನೊಂದು

ಸೋಲಿನ ದಿನವೂ ಪತ್ರಿಕಾಗೋಷ್ಠಿ ನಡೆಯಬೇಕಿತ್ತು. ತಡೆಯನ್ನು ಬದಿಗಿಟ್ಟ ನಿರ್ಧಾರ ಕಲಾಂ ಅವರದು, ಯೋಜನೆಯೂ ಅವರದೇ. ತಾನೇ ಕೂತು ಉತ್ತರ ಕೊಡಬೇಕಾಗುತ್ತದೆ ಎಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಸುದ್ದಿಗಾರರ ಎದುರು ಕೂತದ್ದು ಅಧ್ಯಕ್ಷರು. ಸೋಲಿನ ಹೊಣೆಯನ್ನು ಧವನ್ ತಮ್ಮ ಮೇಲೆ ಎಳೆದುಕೊಂಡರು. ತಂಡ ಬಹಳ ದುಡಿದಿದೆ, ಅದಕ್ಕೆ ಇನ್ನಷ್ಟು ತಾಂತ್ರಿಕ ಬೆಂಬಲ ಬೇಕಿತ್ತು, ಇನ್ನೊಂದು ವರ್ಷದಲ್ಲಿ ಇವರು ಗೆದ್ದೇ ಗೆಲ್ಲುತ್ತಾರೆ ಎಂಬರ್ಥದ ಮಾತು ಹೇಳಿದರು. ವಾಲ್ವ್ ಯಾರು ಜೋಡಿಸಿದರು, ಸೋರಿಕೆ ಕಂಡೂ ಮುಂದುವರಿಯಲು ಹೇಳಿದವರು ಯಾರು ಎಂಬ ಹೆಸರುಗಳು ಆ ಕೊಠಡಿಯಲ್ಲಿ ಹೊರಬೀಳಲಿಲ್ಲ.

ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಂದ ನೇರವಾಗಿ ಮುಂದಿನ ವರ್ಷಕ್ಕೆ ಜಿಗಿಯುತ್ತಾರೆ. ನಡುವೆ ನಡೆದದ್ದು ಅಷ್ಟೇ ಮುಖ್ಯ. ಹೊರಗಿನವರ ಮುಂದೆ ತಂಡವನ್ನು ಕಾಯ್ದ ನಾಯಕ ಒಳಗೂ ಎಲ್ಲವನ್ನೂ ಮುಚ್ಚಿಹಾಕಿದ್ದರೆ ಅದು ಹೊಣೆ ಹೊರುವುದಾಗುತ್ತಿರಲಿಲ್ಲ, ತಪ್ಪನ್ನು ಹೂಳುವುದಾಗುತ್ತಿತ್ತು. ಆದರೆ ಮರುದಿನವೇ, ಆಗಸ್ಟ್ 11ರಂದು, ಎಪ್ಪತ್ತಕ್ಕೂ ಹೆಚ್ಚು ವಿಜ್ಞಾನಿಗಳು ಕೂತು ಹಾರಾಟದ ಮಾಹಿತಿಯನ್ನು ಪರಿಶೀಲಿಸಿದರು. ಆಮೇಲೆ ಒಂದು ಸಮಿತಿ ಆಳಕ್ಕಿಳಿಯಿತು. ಎರಡನೇ ಹಂತ ಹಿಡಿತ ತಪ್ಪಿದ್ದು ಏಕೆ? ನಿಯಂತ್ರಣ ಬಲವಿರಲಿಲ್ಲ. ಬಲ ಏಕಿರಲಿಲ್ಲ? ಆಮ್ಲ ಖಾಲಿಯಾಗಿತ್ತು. ಏಕೆ ಖಾಲಿಯಾಯಿತು? ವಾಲ್ವ್ ಮುಚ್ಚಲಿಲ್ಲ. ಏಕೆ ಮುಚ್ಚಲಿಲ್ಲ? ಕಸ ಸಿಕ್ಕಿತ್ತು. ಎಷ್ಟು ಹೊತ್ತಿನಿಂದ? ಹೊರಡುವ ಎಂಟು ನಿಮಿಷ ಮೊದಲಿನಿಂದ. ಒಂದೊಂದು ಪ್ರಶ್ನೆಯ ಉತ್ತರವೂ ಮುಂದಿನ ಪ್ರಶ್ನೆಯನ್ನು ತೆರೆಯುತ್ತ ಹೋಗಿ ಕೊನೆಗೆ ಕೈಯಲ್ಲಿ ಹಿಡಿಯಬಹುದಾದ ಒಂದು ಬಿರಡೆಯ ಬಳಿ ನಿಂತಿತು.

ಈ ವರದಿ ಧವನ್ ಮತ್ತು ಹಿರಿಯ ವಿಜ್ಞಾನಿಗಳ ಸಭೆಗೆ ಬಂತು. ಕಾರಣ ಸಿಕ್ಕಿತೆಂದು ಎಲ್ಲರೂ ಒಪ್ಪಿದರು. ಅಲ್ಲಿಗೆ ಮುಗಿಸಬಹುದಿತ್ತು. ಆಗ ಕಲಾಂ ಎದ್ದುನಿಂತರು. ತಾಂತ್ರಿಕ ವಿವರಣೆ ಸರಿಯೇ, ಆದರೆ ಕ್ಷಣಗಣನೆಯ ಕೊನೆಯಲ್ಲಿ ಕಂಡ ಆಮ್ಲದ ಸೋರಿಕೆಯನ್ನು ಕ್ಷುಲ್ಲಕವೆಂದು ಬಗೆದವನು ನಾನು, ಉಡಾವಣೆಯನ್ನು ತಡೆಯಬೇಕಾಗಿದ್ದವನೂ ನಾನು, ಈ ಸೋಲು ನನ್ನದು ಎಂದರು. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಧವನ್ ಅವರ ಉತ್ತರದಲ್ಲಿ ಗದರಿಕೆಯಿರಲಿಲ್ಲ. ರೋಹಿಣಿಯನ್ನಲ್ಲ, ಕಲಾಂ ಅವರನ್ನೇ ಕಕ್ಷೆಗೆ ಸೇರಿಸುತ್ತೇನೆ ಎಂಬರ್ಥದಲ್ಲಿ ನಗುತ್ತ ಹೇಳಿ ಎದ್ದರು.

ಇಡೀ ಕಥೆಯ ಮರ್ಮ ನನಗೆ ಕಾಣುವುದು ಈ ಒಳಕೋಣೆಯಲ್ಲಿ. ಕಲಾಂ ಅಷ್ಟು ಬಿಚ್ಚುಮನಸ್ಸಿನಿಂದ ತಪ್ಪೊಪ್ಪಿಕೊಂಡದ್ದು ಅವರ ಸ್ವಭಾವವೇ ಇರಬಹುದು. ಆದರೆ ಅದನ್ನು ಹೇಳಬಹುದಾದ ಜಾಗವೊಂದಿತ್ತು ಎಂಬುದನ್ನು ಮರೆಯಬಾರದು. ಪತ್ರಿಕಾಗೋಷ್ಠಿಯಲ್ಲಿ ಅವರ ಹೆಸರನ್ನು ಎತ್ತಿ ಹಾಕಿದ್ದರೆ, ಮುಂದಿನ ಸಭೆಗೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳುವ ಕಾಗದಗಳೊಂದಿಗೆ ಬರುತ್ತಿದ್ದರು. ಸಾಲುತ್ತದೆ ಎಂದು ಲೆಕ್ಕ ಹಾಕಿದ ತಜ್ಞರು ತಾವು ಹಾಗೆ ಹೇಳಿಯೇ ಇಲ್ಲ ಎನ್ನುತ್ತಿದ್ದರು. ವಾಲ್ವ್ ತೊಳೆದು ಜೋಡಿಸಿದವರು ಬಾಯಿಬಿಡುತ್ತಿರಲಿಲ್ಲ. ಸೋರಿಕೆ ಕಂಡಿತ್ತು, ಕಂಡೂ ಮುಂದುವರಿದೆವು ಎಂಬ ಬೆಲೆಬಾಳುವ ಮಾಹಿತಿ ಹೊರಬರದೆ ಉಳಿಯುತ್ತಿತ್ತು. ಮುಂದಿನ ರಾಕೆಟ್‌ನಲ್ಲಿ ಅದೇ ತಪ್ಪು ಇನ್ನೊಂದು ಹೆಸರಿನಲ್ಲಿ ಕಾದು ಕೂತಿರುತ್ತಿತ್ತು.

ಕೊಟ್ಟ ಮಾತಿಗೆ ಬೆಲೆ ಬಂದ ದಿನ

ಇದನ್ನೆಲ್ಲ ತಿಳಿದ ಮೇಲೆ 1980ರ ಜುಲೈ 18ರ ಬೆಳಗ್ಗೆಯ ಮಾತು ಬೇರೆಯಾಗಿ ಕೇಳುತ್ತದೆ. ಗೋಷ್ಠಿಯನ್ನು ನೀವೇ ನಡೆಸಿ ಎಂದು ಧವನ್ ಹೇಳಿದ್ದು ಗೆಲುವಿನ ಹುರುಪಿನಲ್ಲಿ ಮಾಡಿದ ಉಪಚಾರವಲ್ಲ. ಹಿಂದಿನ ಆಗಸ್ಟಿನಲ್ಲಿ ಅವರು ಹೊತ್ತ ಭಾರದ ಇನ್ನರ್ಧ ಅದು. ಸೋತಾಗ ತಾನು ಮುಂದೆ, ಗೆದ್ದಾಗ ತಂಡ ಮುಂದೆ. ಈ ಎರಡರಲ್ಲಿ ಒಂದನ್ನೇ ಮಾಡುವ ನಾಯಕರು ನಮಗೆಲ್ಲ ಗೊತ್ತು. ಗೆದ್ದಾಗ ಇದೆಲ್ಲ ನಮ್ಮ ತಂಡದ್ದು ಎನ್ನುವವರು ಬೇಕಾದಷ್ಟಿದ್ದಾರೆ. ಅದರಿಂದ ಅವರಿಗೆ ಏನೂ ಖರ್ಚಾಗುವುದಿಲ್ಲ, ವಿನಯವಂತರೆಂಬ ಹೆಸರೂ ಸಿಗುತ್ತದೆ. ಸೋತ ದಿನ ಅವರು ಎಲ್ಲಿದ್ದರು ಎಂದು ಕೇಳಿದರೆ ಆ ಮಾತಿನ ತೂಕ ತಿಳಿಯುತ್ತದೆ.

ಧವನ್ ಮೈಕು ಬಿಟ್ಟುಕೊಟ್ಟದ್ದು ಅದೊಂದೇ ಸಲವಲ್ಲ. ಕೆಲವು ದಿನಗಳ ಬಳಿಕ ಅವರು ಕಲಾಂ ಅವರನ್ನು ಪ್ರಧಾನಿಯ ಭೇಟಿಗೆ ದೆಹಲಿಗೆ ಕರೆಸಿಕೊಂಡರು. ಎಂದಿನ ಸಾದಾ ಉಡುಪು, ಕಾಲಲ್ಲಿ ಚಪ್ಪಲಿ. ಹೀಗೇ ಹೇಗೆ ಹೋಗುವುದೆಂದು ಕಲಾಂ ಹಿಂಜರಿದರು. ಗೆಲುವನ್ನೇ ಉಟ್ಟುಬಂದಿದ್ದೀರಿ, ಬಟ್ಟೆಯ ಚಿಂತೆ ಬಿಡಿ ಎಂಬ ಧಾಟಿಯಲ್ಲಿ ಧವನ್ ಧೈರ್ಯ ಹೇಳಿದರು. ಸಂಸದರ ಸಮಿತಿಯ ಎದುರು ಇಂದಿರಾ ಗಾಂಧಿ ಕಲಾಂ ಅವರಿಂದಲೇ ಎರಡು ಮಾತು ಕೇಳಬಯಸಿದರು. ಅಧ್ಯಕ್ಷರು ಪಕ್ಕದಲ್ಲಿ ಕೂತು ಕೇಳಿದರು. ಸುದ್ದಿಗಾರರ ಮುಂದೆ ಕಿರಿಯನನ್ನು ನಿಲ್ಲಿಸುವುದು ಸುಲಭ. ಹಣ ಕೊಡುವವರ, ನೀತಿ ನಿರ್ಧರಿಸುವವರ ಮುಂದೆ ನಿಲ್ಲಿಸುವುದು ಕಷ್ಟ. ಅಲ್ಲಿ ಸಿಕ್ಕ ಗುರುತು ಮುಂದಿನ ಕೆಲಸಗಳ ಬಾಗಿಲು ತೆರೆಯುತ್ತದೆ, ಅದನ್ನು ಬಿಟ್ಟುಕೊಟ್ಟವನಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹಂಚಿದ ಮೇಲೂ ಉಳಿಯುವ ಕೊರತೆ

ಇಲ್ಲಿಗೆ ಕಥೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1981ರಲ್ಲಿ ಕಲಾಂ ಅವರಿಗೆ ಪದ್ಮಭೂಷಣ ಬಂತು. ಧವನ್ ಅವರಿಗೆ ಅದೇ ವರ್ಷ ಪದ್ಮವಿಭೂಷಣ. ಕಲಾಂ ಅವರ ಆತ್ಮಕಥೆಯಲ್ಲಿ ಈ ಸಂತೋಷದ ಬೆನ್ನಿಗೇ ಒಂದು ನೋವಿನ ಮಾತಿದೆ. ಜೊತೆಯಲ್ಲಿ ದುಡಿದ ಕೆಲವರು ದೂರವಾದರು, ಇಷ್ಟು ಜನರ ದುಡಿಮೆಗೆ ಒಬ್ಬನನ್ನೇ ಆರಿಸಿ ಮೆರೆಸಿದರೆಂಬ ಅಸಮಾಧಾನ ಅವರಲ್ಲಿತ್ತು ಎಂದು ಕಲಾಂ ಬಚ್ಚಿಡದೆ ಬರೆದಿದ್ದಾರೆ.

ಅದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೇಲಿನವರು ಶ್ರೇಯವನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು. ಆದರೆ ಕೆಳಗೆ ಇನ್ನೂ ಹಲವು ಮೆಟ್ಟಿಲುಗಳಿದ್ದವು. ಪ್ರಶಸ್ತಿಗಳ ಪಟ್ಟಿಯಲ್ಲಿ ಒಂದು ಹೆಸರಿಗೆ ಜಾಗ, ಪತ್ರಿಕೆಯ ಮುಖಪುಟದಲ್ಲಿ ಒಂದು ಮುಖಕ್ಕೆ ಜಾಗ. ಘನ ಇಂಧನ ಕಲಸಿದವರು, ವಾಲ್ವ್ ತೊಳೆದವರು, ಆಮ್ಲದಿಂದ ಮೈಸುಟ್ಟುಕೊಂಡವರು ಅಲ್ಲಿ ಹಿಡಿಸುವುದಿಲ್ಲ. ಅಲ್ಲಿಗೆ ತಲುಪಿಸುವ ಕೆಲಸ ಈಗ ಮೈಕು ಹಿಡಿದವನದಾಗುತ್ತದೆ. ಕಲಾಂ ಅದನ್ನು ಬರಹದಲ್ಲಿ ಮಾಡಲು ಯತ್ನಿಸಿದರು. ಅವರ ಆತ್ಮಕಥೆಯ ಎಸ್‌ಎಲ್‌ವಿ ಅಧ್ಯಾಯಗಳನ್ನು ತೆರೆದರೆ ಪುಟಪುಟಕ್ಕೂ ಹೆಸರುಗಳು. ಯಾರು ಯಾವ ವ್ಯವಸ್ಥೆ ಕಟ್ಟಿದರು, ಯಾರ ಯೋಚನೆ ಎಲ್ಲಿ ಕೈಹಿಡಿಯಿತು ಎಂದು ಒಬ್ಬೊಬ್ಬರನ್ನೂ ಅವರವರ ಕೆಲಸದೊಂದಿಗೆ ನೆನೆಯುತ್ತಾರೆ.

ಶ್ರೇಯ ನಿಜವಾಗಿ ಹಂಚಿಕೆಯಾಗಿದೆಯೇ ಎಂದು ನೋಡಲು ಇದೇ ಒಳ್ಳೆಯ ಅಳತೆಗೋಲು. ಎಲ್ಲರಿಗೂ ಧನ್ಯವಾದ ಎಂದರೆ ಯಾರಿಗೂ ಏನೂ ಸಿಕ್ಕಿರುವುದಿಲ್ಲ. ಹೆಸರು ಬೇಕು, ಹೆಸರಿನ ಜೊತೆ ಆ ಮನುಷ್ಯ ಮಾಡಿದ ಕೆಲಸ ಬೇಕು, ಆ ಮಾತು ಅವನ ಮುಂದಿನ ದಾರಿ ನಿರ್ಧರಿಸುವವರ ಕಿವಿಗೆ ಬೀಳಬೇಕು. ಬ್ಯಾಂಕಿನ ಶಾಖೆಯಲ್ಲಾಗಲಿ, ಗ್ರಾಮ ಪಂಚಾಯಿತಿಯ ನೀರಿನ ಯೋಜನೆಯಲ್ಲಾಗಲಿ, ವ್ಯವಸ್ಥಾಪಕರು ಈ ಮೂರನ್ನೂ ಮಾಡುವುದಿಲ್ಲವೆಂದರೆ ಜನರಿಗೆ ಗೊತ್ತಾಗುತ್ತದೆ. ಗೊತ್ತಾದ ದಿನದಿಂದ ಅವರು ಸೋರಿಕೆ ಕಂಡರೂ ಹೇಳುವುದನ್ನು ಬಿಡುತ್ತಾರೆ.

ಇನ್ನೊಂದು ಮಾತು. ಮೈಕು ಕೈಬದಲಾದ ಮಾತ್ರಕ್ಕೆ ಮುಂದಿನ ರಾಕೆಟ್ ತಾನಾಗಿ ಹಾರಲಿಲ್ಲ. 1981ರ ಮೇ 31ರ ಉಡಾವಣೆಯಲ್ಲಿ ಉಪಗ್ರಹ ಬೇಕಾದ ಎತ್ತರ ಮುಟ್ಟದೆ ಕೆಲವೇ ದಿನಗಳಲ್ಲಿ ಕೆಳಗೆ ಬಂತು. 1983ರ ಏಪ್ರಿಲ್ 17ರ ಉಡಾವಣೆ ಸರಿಹೋಯಿತು. ನಾಲ್ಕು ಹಾರಾಟದಲ್ಲಿ ಒಂದು ಪೂರ್ತಿ ಸೋಲು, ಒಂದು ಅರೆ ಗೆಲುವು, ಎರಡು ಗೆಲುವು. ಒಳ್ಳೆಯ ನಾಯಕತ್ವ ವಾಲ್ವಿನ ಕಸವನ್ನು ತೆಗೆಯುವುದಿಲ್ಲ. ಕಸವಿದೆ ಎಂದು ಕಂಡವನು ಅಂಜದೆ ಹೇಳುವಂತೆ ಮಾಡುತ್ತದೆ, ಅಷ್ಟೇ. ರಾಕೆಟ್ ಕಟ್ಟುವವರಿಗೆ ಅದು ಸಣ್ಣ ವಿಷಯವಲ್ಲ.

ಧವನ್ 2002ರ ಜನವರಿ 3ರಂದು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಟ್ಟರು. ಇವತ್ತು ಅಲ್ಲಿಂದ ರಾಕೆಟ್ ಏರಿದಾಗಲೆಲ್ಲ ಸುದ್ದಿಯಲ್ಲಿ ಆ ಹೆಸರು ಕೇಳುತ್ತೇವೆ.

2008ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಾರ್ಟನ್ ಶಾಲೆಗೆ ನೀಡಿದ ಸಂದರ್ಶನದಲ್ಲಿ, ನಾಯಕರು ಸೋಲನ್ನು ಹೇಗೆ ಎದುರಿಸಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡಿ ಎಂದು ಕಲಾಂ ಅವರನ್ನು ಕೇಳಿದರು. ಅವರಿಗೆ ಆಗ ಎಪ್ಪತ್ತಾರು ವರ್ಷ. ಅಗ್ನಿ, ಪೃಥ್ವಿ, ಪೋಖ್ರಾನ್, ರಾಷ್ಟ್ರಪತಿ ಭವನ ಎಲ್ಲವೂ ಹಿಂದೆ ಇದ್ದವು. ಅವರು ಆರಿಸಿಕೊಂಡದ್ದು ತಮ್ಮದೇ ತಪ್ಪು ನಿರ್ಧಾರದಿಂದ ಸಮುದ್ರಕ್ಕೆ ಬಿದ್ದ ರಾಕೆಟ್ಟಿನ ಕಥೆಯನ್ನು. ತಡೆಯನ್ನು ಬದಿಗಿಟ್ಟವನು ನಾನು ಎಂದು ಮೊದಲು ಹೇಳಿ, ಅಂದು ಹೊಣೆ ಹೊತ್ತವರು ಸತೀಶ್ ಧವನ್ ಎಂದು ಆಮೇಲೆ ಹೇಳಿದರು. ಇಪ್ಪತ್ತೆಂಟು ವರ್ಷದ ಹಿಂದೆ ತಮ್ಮ ಕೈಗೆ ಬಂದ ಮೈಕನ್ನು ಅವರು ಅಂದು ಕೊಟ್ಟವರಿಗೇ ತಿರುಗಿ ಕೊಟ್ಟರು.